ಬಿಎಂಐ ಲೆಕ್ಕದಲ್ಲಿ ಎತ್ತರದ ವರ್ಗ ಯಾಕೆ? ಎತ್ತರದ ಅಳತೆ ತಪ್ಪಿದರೆ ಏನಾಗುತ್ತದೆ? ಒಂದು ಸಮಗ್ರ ಮಾರ್ಗದರ್ಶಿ

ನಾನು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತೇನೆ. ಹೋದ ವರ್ಷ ನಮ್ಮ ಶಾಲೆಯಲ್ಲಿ ಶಿಕ್ಷಕರಿಗೆಂದು ಆರೋಗ್ಯ ತಪಾಸಣೆ ಶಿಬಿರ ನಡೆಯಿತು. ಮಧ್ಯಾಹ್ನ ಸಮಾಜ ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು ನನ್ನ ಮುಂದೆ ಚೀಟಿ ಇಟ್ಟರು. ತೂಕ 64 ಕೆ.ಜಿ, ಎತ್ತರ 160 ಸೆಂ.ಮೀ, ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ತೋರಿಸುವ ಬಿಎಂಐ ಅಂಕಿ 25.0. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಬೊಜ್ಜು" ಎಂದು ಬರೆದಿತ್ತು.

"ಮೇಷ್ಟ್ರೇ, ಮೊಬೈಲಿನಲ್ಲಿ ಹಾಕಿ ನೋಡಿದ್ರೆ 23.6 ಅನ್ನುತ್ತೆ. ತೂಕ ಅದೇ ಇದೆಯಲ್ಲ, ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಬೊಜ್ಜು ಎಲ್ಲಿಗೆ ಹೋಯ್ತು?" ಎಂದರು.

ಬೊಜ್ಜು ಎಲ್ಲಿಗೂ ಹೋಗಿರಲಿಲ್ಲ. ಎರಡೂ ಕಡೆ ತೂಕ ಒಂದೇ, ಎತ್ತರ ಮಾತ್ರ ಬೇರೆ. ತಮಾಷೆ ಅಂದ್ರೆ, ಎರಡೂ ಕಡೆಯ ಎತ್ತರ ತಪ್ಪಾಗಿತ್ತು. ಅವರ ಆ ಚೀಟಿಯನ್ನೇ ಹಿಡಿದುಕೊಂಡು ಈ ಲೆಕ್ಕವನ್ನು ಬುಡದಿಂದ ನೋಡೋಣ. ವರ್ಗ ಎಲ್ಲಿಂದ ಬಂತು ಎಂದು ಗೊತ್ತಾದರೆ, ಎತ್ತರದ ಸಣ್ಣ ತಪ್ಪು ಯಾಕೆ ದೊಡ್ಡದಾಗುತ್ತದೆ ಎಂಬುದೂ ಗೊತ್ತಾಗುತ್ತದೆ.

ಹಂತ 1: ಮೊದಲು ಲೆಕ್ಕ ಸರಿಯಾಗಿ ಮಾಡಿ

ತೂಕ ಕಿಲೋದಲ್ಲಿ, ಎತ್ತರ ಮೀಟರಿನಲ್ಲಿ ಇರಬೇಕು. ಎತ್ತರವನ್ನು ಅದರಿಂದಲೇ ಗುಣಿಸಿ, ಬಂದದ್ದರಿಂದ ತೂಕವನ್ನು ಭಾಗಿಸಿ.

```
BMI = kg / (m * m)
64 / (1.60 * 1.60) = 64 / 2.56 = 25.0
```

ಭಾರತದಲ್ಲಿ ವೈದ್ಯರು ಸಾಮಾನ್ಯವಾಗಿ ಬಳಸುವ ಗೆರೆಗಳು ಹೀಗಿವೆ: 23 ದಾಟಿದರೆ ತೂಕ ಜಾಸ್ತಿ, 25 ಮುಟ್ಟಿದರೆ ಬೊಜ್ಜು. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಗೆರೆಗಳು 25 ಮತ್ತು 30. ನಮ್ಮ ಕಡೆಯವರಲ್ಲಿ ಕಡಿಮೆ ಬಿಎಂಐ ಇದ್ದಾಗಲೇ ಸಕ್ಕರೆ ಕಾಯಿಲೆಯಂಥ ತೊಂದರೆ ಕಾಣಿಸಿಕೊಳ್ಳುವುದರಿಂದ ಗೆರೆಯನ್ನು ಕೆಳಗೆ ತಂದಿದ್ದಾರೆ. ಇಲ್ಲಿ ಗಮನಿಸಬೇಕಾದ್ದು ಇಷ್ಟೇ: ನಮ್ಮ ಎರಡು ಗೆರೆಗಳ ನಡುವೆ ಇರುವುದು ಬರೀ 2 ಅಂಕ. ಇಷ್ಟು ಕಿರಿದಾದ ಜಾಗದಲ್ಲಿ ಅರ್ಧ ಅಂಕದ ತಪ್ಪೂ ಲೆಕ್ಕಕ್ಕೆ ಬರುತ್ತದೆ.

ಹಂತ 2: ವರ್ಗವೇ ಯಾಕೆ ಎಂದು ಕೇಳಿಕೊಳ್ಳಿ

ಎತ್ತರದವರು ಹೆಚ್ಚು ತೂಗುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. 180 ಸೆಂ.ಮೀ ಎತ್ತರದವರನ್ನೂ 150 ಸೆಂ.ಮೀ ಎತ್ತರದವರನ್ನೂ ಒಂದೇ ಅಳತೆಗೋಲಿನಲ್ಲಿ ನೋಡಬೇಕಾದರೆ, ತೂಕದಲ್ಲಿ ಎತ್ತರದಿಂದ ಬಂದ ಪಾಲನ್ನು ಕಳೆಯಬೇಕು. ಎಷ್ಟು ಕಳೆಯಬೇಕು ಎಂಬುದೇ ಪ್ರಶ್ನೆ.

ಒಂದು ಲಾಡು ತೆಗೆದುಕೊಳ್ಳಿ. ಅದರ ಅಡ್ಡಳತೆಯ ಎರಡು ಪಟ್ಟು ಇರುವ ಇನ್ನೊಂದು ಲಾಡು ಕಟ್ಟಿ. ತೂಕ ಎರಡು ಪಟ್ಟಲ್ಲ, ಎಂಟು ಪಟ್ಟು ಆಗುತ್ತದೆ. ಉದ್ದ, ಅಗಲ, ದಪ್ಪ ಮೂರೂ ದುಪ್ಪಟ್ಟಾದವು, ಎರಡನ್ನು ಮೂರು ಸಲ ಗುಣಿಸಿದಂತಾಯಿತು. ಇದು ಘನ. ಈಗ ಒಂದು ಕಲ್ಲಿನ ಕಂಬ ನೋಡಿ. ಅದರ ದಪ್ಪ ಹಾಗೇ ಇಟ್ಟು ಎತ್ತರವನ್ನು ಮಾತ್ರ ದುಪ್ಪಟ್ಟು ಮಾಡಿದರೆ ತೂಕವೂ ದುಪ್ಪಟ್ಟು, ಅಷ್ಟೇ. ಇಲ್ಲಿ ಘಾತ 1.

ಮನುಷ್ಯ ಲಾಡೂ ಅಲ್ಲ, ಕಂಬವೂ ಅಲ್ಲ. ಎತ್ತರದವರ ಭುಜ, ಎದೆ, ಸೊಂಟ ಕುಳ್ಳಗಿನವರಿಗಿಂತ ಸ್ವಲ್ಪ ದೊಡ್ಡವು. ಆದರೆ ಎತ್ತರ ಹೆಚ್ಚಿದಷ್ಟು ಹೆಚ್ಚಿರುವುದಿಲ್ಲ. ಎತ್ತರದವರು ಕುಳ್ಳಗಿನವರ ಹಿಗ್ಗಿಸಿದ ಫೋಟೋ ಅಲ್ಲ, ಅಲ್ವಾ? ಹಾಗಾಗಿ ಉತ್ತರ 1 ಮತ್ತು 3ರ ನಡುವೆ ಎಲ್ಲೋ ಇರಬೇಕು.

ಅಂಕಿ ಹಾಕಿ ನೋಡೋಣ. 150 ಸೆಂ.ಮೀ ಎತ್ತರ, 50 ಕೆ.ಜಿ ತೂಕದ ಒಬ್ಬರು ಇದ್ದಾರೆ ಎಂದುಕೊಳ್ಳಿ. 180 ಸೆಂ.ಮೀ ಎಂದರೆ ಅದರ 1.2 ಪಟ್ಟು. ಅದೇ ಮೈಕಟ್ಟಿನ 180 ಸೆಂ.ಮೀ ಮನುಷ್ಯ ಎಷ್ಟು ತೂಗಬೇಕು?

ಕಂಬದ ಲೆಕ್ಕದಲ್ಲಿ 60 ಕೆ.ಜಿ. ಅಷ್ಟು ಎತ್ತರಕ್ಕೆ ಅದು ಕಡ್ಡಿ ಮೈ. ಲಾಡಿನ ಲೆಕ್ಕದಲ್ಲಿ 1.2ರ ಘನ 1.728, ಅಂದರೆ 86.4 ಕೆ.ಜಿ. ಅದು ಸಾಕಷ್ಟು ದಪ್ಪ ಆಳು. ವರ್ಗದ ಲೆಕ್ಕದಲ್ಲಿ 1.44 ಪಟ್ಟು, 72 ಕೆ.ಜಿ. ಇದು ನಮ್ಮ ಕಣ್ಣಿಗೂ ಸರಿ ಅನ್ನಿಸುತ್ತದೆ. ವರ್ಗ ಎಂದರೆ ಮೈಯ ಅಗಲ ಮತ್ತು ದಪ್ಪ ಎತ್ತರದ ವರ್ಗಮೂಲದಷ್ಟು ಮಾತ್ರ ಹೆಚ್ಚುತ್ತವೆ ಎಂದು ಒಪ್ಪಿಕೊಂಡ ಹಾಗೆ. ಎತ್ತರ ನೂರಕ್ಕೆ 20ರಷ್ಟು ಹೆಚ್ಚಿದರೆ ಅಗಲ ಸುಮಾರು 9.5ರಷ್ಟು ಹೆಚ್ಚುತ್ತದೆ.

ಇದು ಭೌತಶಾಸ್ತ್ರದ ನಿಯಮವಲ್ಲ ಎಂಬುದನ್ನು ಮರೆಯಬೇಡಿ. ಯಾರೋ ಕೂತು ಸಿದ್ಧಾಂತದಿಂದ ಹೊಸೆದದ್ದಲ್ಲ, ಜನರನ್ನು ಅಳೆದು ನೋಡಿದಾಗ ಸಿಕ್ಕಿದ್ದು. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಖಗೋಳ ವಿಜ್ಞಾನಿ 1835ರಲ್ಲಿ ಮನುಷ್ಯರ ಅಳತೆಗಳ ಬಗ್ಗೆ ಪುಸ್ತಕ ಬರೆದರು. ಅವರಿಗೆ ಬೊಜ್ಜಿನ ಚಿಂತೆ ಇರಲಿಲ್ಲ. "ಸರಾಸರಿ ಮನುಷ್ಯ" ಹೇಗಿರುತ್ತಾನೆ ಎಂದು ಹುಡುಕುತ್ತಿದ್ದರು. ದೊಡ್ಡವರಲ್ಲಿ ತೂಕ ಹೆಚ್ಚುಕಡಿಮೆ ಎತ್ತರದ ವರ್ಗದಂತೆ ಹೋಗುತ್ತದೆ ಎಂದು ಅವರಿಗೆ ಕಂಡಿತು. ಬೆಳೆಯುವ ಮಕ್ಕಳಲ್ಲಿ ಹಾಗಲ್ಲ, ಅಲ್ಲಿ ಘಾತ 2.5ರ ಹತ್ತಿರ ಎಂದೂ ಅವರೇ ಹೇಳಿದ್ದರು. ದೊಡ್ಡವರ ಗೆರೆಗಳನ್ನು ಮಕ್ಕಳಿಗೆ ಹಾಕಬಾರದು, ವಯಸ್ಸಿಗೆ ತಕ್ಕ ಚಾರ್ಟ್ ನೋಡಬೇಕು ಎನ್ನುವುದರ ಬೇರು ಇಲ್ಲೇ ಇದೆ.

ಅದಾದ ಮೇಲೆ ಬಹಳ ಕಾಲ ವೈದ್ಯರು ವಿಮಾ ಕಂಪನಿಗಳ ಎತ್ತರ-ತೂಕದ ಪಟ್ಟಿಗಳನ್ನೇ ನಂಬಿದ್ದರು. ಅಮೆರಿಕದ ಅಂಥ ಹೆಸರುವಾಸಿ ಪಟ್ಟಿಯೊಂದರ 1983ರ ಆವೃತ್ತಿಯಲ್ಲಿ ಎತ್ತರವನ್ನು ಒಂದು ಇಂಚಿನ ಹಿಮ್ಮಡಿಯ ಶೂ ಹಾಕಿಕೊಂಡ ಲೆಕ್ಕದಲ್ಲಿ ಕೊಟ್ಟಿದ್ದರು! ಬರಿಗಾಲಲ್ಲಿ ನಿಂತು ಆ ಪಟ್ಟಿ ನೋಡಿದವರ ಗತಿ ನೀವೇ ಊಹಿಸಿ. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಜೊತೆಗಾರರು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆಗಳನ್ನು ಇಟ್ಟುಕೊಂಡು ಹಲವು ಸೂತ್ರಗಳನ್ನು ಹೋಲಿಸಿದರು. ಅವರು ಎರಡು ವಿಷಯ ನೋಡಿದರು. ಸೂತ್ರದ ಉತ್ತರ ಎತ್ತರದ ಜೊತೆ ಏರಿಳಿಯಬಾರದು. ಚರ್ಮದ ಮಡಿಕೆ ಹಿಡಿದು ಅಳೆದ ಕೊಬ್ಬಿನ ಜೊತೆ ಏರಿಳಿಯಬೇಕು. ಎರಡನ್ನೂ ಸೇರಿಸಿ ನೋಡಿದಾಗ ಕೆಟ್ಲೆಯ ವರ್ಗವೇ ವಾಸಿ ಅನ್ನಿಸಿತು. ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರು ಚಾಲ್ತಿಗೆ ಬಂದದ್ದೂ ಅಲ್ಲಿಂದಲೇ.

ಎಲ್ಲರೂ ಇದನ್ನು ಒಪ್ಪಿಲ್ಲ. ಆಕ್ಸ್‌ಫರ್ಡಿನ ಗಣಿತಜ್ಞ ನಿಕ್ ಟ್ರೆಫೆಥನ್ 2013ರಲ್ಲಿ ಘಾತ 2.5 ಇರಲಿ ಎಂದರು. ಹಳೆಯ ಗೆರೆಗಳಿಗೆ ಹೊಂದಲೆಂದು ಮುಂದೆ 1.3 ಎಂಬ ಗುಣಕ ಸೇರಿಸಿದರು. 1.69 ಮೀಟರ್ ಎತ್ತರದವರಿಗೆ ಎರಡೂ ಸೂತ್ರ ಒಂದೇ ಉತ್ತರ ಕೊಡುತ್ತವೆ. ಅದಕ್ಕಿಂತ ಕುಳ್ಳಗಿನವರಿಗೆ ಹೊಸದು ಜಾಸ್ತಿ ತೋರಿಸುತ್ತದೆ, ಎತ್ತರದವರಿಗೆ ಕಡಿಮೆ. ಆದರೆ ಇದರಿಂದ ಎತ್ತರದ ತಪ್ಪಿನ ಕಾಟ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಯಾಕೆ ಎಂಬುದು ಮುಂದಿನ ಹಂತದಲ್ಲಿದೆ.

ಹಂತ 3: ಒಂದು ಸೆಂಟಿಮೀಟರಿನ ಬೆಲೆ ಲೆಕ್ಕ ಹಾಕಿ

ಎತ್ತರ ನೂರಕ್ಕೆ ಒಂದರಷ್ಟು ತಪ್ಪಿತು ಎಂದುಕೊಳ್ಳಿ. 1.01ನ್ನು 1.01ರಿಂದ ಗುಣಿಸಿದರೆ 1.0201. ಅಂದರೆ ಬಿಎಂಐ ನೂರಕ್ಕೆ ಎರಡರಷ್ಟು ತಪ್ಪುತ್ತದೆ. ಘಾತ ಎಷ್ಟೋ ಅಷ್ಟು ಪಟ್ಟು ತಪ್ಪು. ಘನದಿಂದ ಭಾಗಿಸುವ ಸೂತ್ರವಾದರೆ ಮೂರು ಪಟ್ಟು, ಟ್ರೆಫೆಥನ್ ಸೂತ್ರವಾದರೆ ಎರಡೂವರೆ ಪಟ್ಟು. ತೂಕ ನೂರಕ್ಕೆ ಒಂದು ತಪ್ಪಿದರೆ ಬಿಎಂಐ ಕೂಡ ಒಂದೇ ತಪ್ಪುತ್ತದೆ. ಇನ್ನೊಂದು: ಎತ್ತರ ಕಡಿಮೆ ಬರೆದರೆ ಬಿಎಂಐ ಮೇಲೇರುತ್ತದೆ, ಜಾಸ್ತಿ ಬರೆದರೆ ಇಳಿಯುತ್ತದೆ. ಎತ್ತರ ಭಾಗಿಸುವ ಕಡೆ ಇರುವುದರಿಂದ ಹೀಗೆ.

ಶೇಕಡಾ ಲೆಕ್ಕ ಮನಸ್ಸಿಗೆ ಹತ್ತುವುದಿಲ್ಲ. ಅದಕ್ಕೇ ನಾನು ಎತ್ತರದ ತಪ್ಪನ್ನು ಕಿಲೋಗೆ ಬದಲಾಯಿಸಿಕೊಳ್ಳುತ್ತೇನೆ. ತೂಕವನ್ನು ದುಪ್ಪಟ್ಟು ಮಾಡಿ, ಸೆಂಟಿಮೀಟರ್ ಎತ್ತರದಿಂದ ಭಾಗಿಸಿ. ಬಂದದ್ದು ಒಂದು ಸೆಂಟಿಮೀಟರ್ ತಪ್ಪಿಗೆ ಸಮನಾದ ಕಿಲೋ.

```
2 * 64 / 160 = 0.8 kg
```

ನಮ್ಮ ಮೇಷ್ಟ್ರ ವಿಷಯದಲ್ಲಿ ಎತ್ತರ ಒಂದು ಸೆಂ.ಮೀ ತಪ್ಪಿದರೆ ತೂಕ 800 ಗ್ರಾಂ ತಪ್ಪಿದ ಹಾಗೆ. ಬಿಎಂಐಯಲ್ಲಿ ಸುಮಾರು 0.3. ತೂಕದ ಮೆಷೀನ್ 100 ಗ್ರಾಂ ಹೆಚ್ಚು ತೋರಿಸಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ, ಜೇಬಿನಿಂದ ಪರ್ಸ್ ತೆಗೆದಿಟ್ಟು ಮತ್ತೆ ನಿಲ್ಲುತ್ತೇವೆ. ಎತ್ತರವನ್ನೋ, ಕಾಲೇಜಿನಲ್ಲಿದ್ದಾಗ ಯಾರೋ ಅಳೆದದ್ದನ್ನೇ ಇಪ್ಪತ್ತು ವರ್ಷ ಹೇಳಿಕೊಂಡು ಬರುತ್ತೇವೆ.

ಹಂತ 4: ಚೀಟಿಯ ತಪ್ಪು ಹಿಡಿಯಿರಿ

ಮೇಷ್ಟ್ರನ್ನು ನಾನೇ ಸ್ಟೀಲ್ ಟೇಪಿನಿಂದ ಅಳೆದೆ. ಮೂರು ಸಲವೂ 163ರ ಆಸುಪಾಸು. ಹಾಗಾದರೆ ಅವರ ನಿಜವಾದ ಬಿಎಂಐ 24.1. ಬೊಜ್ಜಿನ ಗೆರೆಯ ಕೆಳಗೆ, ಆದರೆ "ತೂಕ ಜಾಸ್ತಿ" ಎಂಬ ಪಟ್ಟಿಯೊಳಗೇ. ಅವರಿಗೆ ಅರ್ಧ ಸಮಾಧಾನ.

ಶಿಬಿರದ 160 ಎಲ್ಲಿಂದ ಬಂತು? ಗೋಡೆಗೆ ಅಂಟಿಸಿದ್ದ ಎತ್ತರದ ಚಾರ್ಟ್ ನೋಡಲು ಹೋದೆವು. ಇಂಥ ಚಾರ್ಟುಗಳು ಎಷ್ಟೋ ಸಲ ಸೊನ್ನೆಯಿಂದ ಶುರುವಾಗುವುದಿಲ್ಲ. ನಮ್ಮದು 60 ಸೆಂ.ಮೀ ಗೆರೆಯಿಂದ ಶುರುವಾಗಿತ್ತು. ಅದರ ಕೆಳ ಅಂಚು ನೆಲದಿಂದ ಸರಿಯಾಗಿ 60 ಸೆಂ.ಮೀ ಮೇಲೆ ಇರಬೇಕು. ಅಂಟಿಸಿದವರು ಮಕ್ಕಳ ಹತ್ತಿರ ಒಂದು ಅಡಿ ಸ್ಕೇಲ್ ಇಸಿದುಕೊಂಡು, ನೆಲದಿಂದ ಎರಡು ಸಲ ಇಟ್ಟು ಗುರುತು ಹಾಕಿದ್ದರು. 30 ಸೆಂ.ಮೀ ಸ್ಕೇಲಿನ ಎರಡೂ ತುದಿಯಲ್ಲಿ ಗೆರೆಯಿಲ್ಲದ ಖಾಲಿ ಜಾಗ ಇರುತ್ತದೆ. ಆ ಸ್ಕೇಲಿನ ಪೂರ್ತಿ ಉದ್ದ 31.5 ಸೆಂ.ಮೀ. ಎರಡು ಸಲ ಇಟ್ಟರೆ 63! ಚಾರ್ಟ್ 3 ಸೆಂ.ಮೀ ಮೇಲೆ ಹೋಗಿ ಕೂತಿತ್ತು. ಹಾಗಾಗಿ ಎಲ್ಲರೂ 3 ಸೆಂ.ಮೀ ಕುಳ್ಳರಾಗಿದ್ದರು.

ಮೊಬೈಲಿನ ತಪ್ಪು ಇನ್ನೊಂದು ಬಗೆಯದು. ಮೇಷ್ಟ್ರು ತಮ್ಮ ಎತ್ತರ "ಐದು ನಾಲ್ಕು" ಎಂದು ನೆನಪಿಟ್ಟುಕೊಂಡಿದ್ದರು, ಅಂದರೆ 5 ಅಡಿ 4 ಇಂಚು, 162.6 ಸೆಂ.ಮೀ. ಅದು ನಿಜಕ್ಕೆ ಹತ್ತಿರವೇ. ಆದರೆ ಅವರು ಅಡಿಯ ಚೌಕದಲ್ಲಿ 5.4 ಎಂದು ಒತ್ತಿದ್ದರು. 5.4 ಅಡಿ ಎಂದರೆ 5 ಅಡಿ 4 ಇಂಚು ಅಲ್ಲ. ಅಡಿಗೆ 12 ಇಂಚು, 10 ಅಲ್ಲ. 5.4 ಅಡಿ ಅಂದರೆ 164.6 ಸೆಂ.ಮೀ. ಬಿಎಂಐ 23.6ಕ್ಕೆ ಇಳಿದದ್ದು ಹೀಗೆ.

ಇಲ್ಲಿ ಅವರ ಅದೃಷ್ಟ ಚೆನ್ನಾಗಿತ್ತು, ತಪ್ಪು ಎರಡು ಸೆಂ.ಮೀಗೆ ನಿಂತಿತು. "ಐದು ಹತ್ತು" ಎತ್ತರದವರು ಸ್ಪ್ರೆಡ್‌ಶೀಟಿನಲ್ಲಿ 5.10 ಎಂದು ಬರೆದರೆ, ಅದು ಕೊನೆಯ ಸೊನ್ನೆಯನ್ನು ನುಂಗಿ 5.1 ಮಾಡುತ್ತದೆ. 177.8 ಸೆಂ.ಮೀ ಮನುಷ್ಯ 155.4 ಸೆಂ.ಮೀ ಆಗುತ್ತಾನೆ. ಅವರ ತೂಕ 75 ಕೆ.ಜಿ ಇದ್ದರೆ ಬಿಎಂಐ 23.7ರಿಂದ 31.0ಕ್ಕೆ ಹಾರುತ್ತದೆ. ಐದು ಹನ್ನೊಂದರವರದ್ದೂ ಇದೇ ಕಥೆ: 5.11 ಎಂದು ಬರೆದರೆ 155.8 ಸೆಂ.ಮೀ. ಒಂದು ಪಟ್ಟಿಯಲ್ಲಿ ಗಂಡಸರ ಎತ್ತರ 155ರ ಸುತ್ತ ಗುಂಪುಗುಂಪಾಗಿ ಕಂಡರೆ, ಅವರ ಬಿಎಂಐ ಎಲ್ಲ 30 ದಾಟಿದ್ದರೆ, ಮೊದಲು ಇದನ್ನೇ ಅನುಮಾನಿಸಿ. ಅಡಿ ಒಂದು ಕಾಲಮ್ಮಿನಲ್ಲಿ, ಇಂಚು ಇನ್ನೊಂದರಲ್ಲಿ ಬರೆಸಿದರೆ ಈ ಪೀಡೆ ಇಲ್ಲ. ಅಡಿ C, ಇಂಚು D ಕಾಲಮ್ಮಿನಲ್ಲಿದ್ದರೆ ಮೀಟರಿಗೆ ಹೀಗೆ ತನ್ನಿ:

```
=C2*0.3048 + D2*0.0254
```

ಹಂತ 5: ಮನೆಯಲ್ಲೇ ಎತ್ತರ ಅಳೆಯಿರಿ

ಇದಕ್ಕೆ ಇಬ್ಬರು ಬೇಕು. ಒಬ್ಬರೇ ಅಳೆದುಕೊಳ್ಳಲು ಹೋದರೆ ಗುರುತು ಹಾಕುವಾಗ ಕೈ ಎತ್ತಬೇಕು, ತಲೆ ಓರೆಯಾಗುತ್ತದೆ.

ಗಟ್ಟಿ ನೆಲ ಇರಲಿ, ಚಾಪೆ ಕಾರ್ಪೆಟ್ ಬೇಡ. ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಟೈಲ್ಸ್ ಮುಂದಕ್ಕೆ ಚಾಚಿಕೊಂಡಿದ್ದರೆ ಹಿಮ್ಮಡಿ ಗೋಡೆಗೆ ತಾಗುವುದಿಲ್ಲ, ಮೈ ಹಿಂದಕ್ಕೆ ವಾಲುತ್ತದೆ. ಚಪ್ಪಟೆ ಬಾಗಿಲು ಇದ್ದರೆ ಅದೇ ಒಳ್ಳೆಯದು. ಚಪ್ಪಲಿ, ಶೂ, ಸಾಕ್ಸ್ ತೆಗೆಯಿರಿ. ತುರುಬು ಕಟ್ಟಿದ್ದರೆ ಬಿಚ್ಚಿ. ನೆತ್ತಿಯ ಮೇಲಿನ ಕ್ಲಿಪ್ ಕೂಡ ಒಂದು ಸೆಂ.ಮೀ ತಿನ್ನುತ್ತದೆ.

ಹಿಮ್ಮಡಿ ಜೋಡಿಸಿ ಗೋಡೆಗೆ ತಾಗಿಸಿ ನಿಲ್ಲಿ. ಪೃಷ್ಠ ಮತ್ತು ಬೆನ್ನಿನ ಮೇಲ್ಭಾಗ ಗೋಡೆಗೆ ತಾಗಲಿ. ತಲೆಯ ಹಿಂಭಾಗ ತಾಗಲೇಬೇಕೆಂದಿಲ್ಲ, ಬಲವಂತವಾಗಿ ತಾಗಿಸಲು ಹೋದರೆ ಗದ್ದ ಮೇಲೇರುತ್ತದೆ. ತಲೆ ಹೇಗಿರಬೇಕು ಅಂದರೆ, ಕಣ್ಣಿನ ಗುಳಿಯ ಕೆಳ ಅಂಚು ಮತ್ತು ಕಿವಿಯ ತೂತಿನ ಮೇಲಂಚು ಒಂದೇ ಮಟ್ಟದಲ್ಲಿರಬೇಕು. ಇದನ್ನು ಪಕ್ಕದಿಂದ ನೋಡಿ ಹೇಳುವುದು ಅಳೆಯುವವರ ಕೆಲಸ. "ನೆಟ್ಟಗೆ ನೋಡಿ" ಎಂದರೆ ಹೆಚ್ಚಿನವರು ಗದ್ದ ಎತ್ತುತ್ತಾರೆ. ಆಮೇಲೆ ಪೂರ್ತಿ ಉಸಿರೆಳೆದುಕೊಂಡು ಹಿಡಿದು ನಿಲ್ಲಿ.

ಈಗ ದಪ್ಪ ರಟ್ಟಿನ ಪುಸ್ತಕ ತೆಗೆದುಕೊಳ್ಳಿ. ಪುಸ್ತಕದ ಒಂದು ಅಂಚು ಗೋಡೆಗೆ ಪೂರ್ತಿ ಒತ್ತಿರಲಿ, ಕೆಳ ಅಂಚು ನೆತ್ತಿಯ ಮೇಲೆ ಕೂದಲು ಅಮರುವಷ್ಟು ಒತ್ತಲಿ. ಸುಮ್ನೆ ಸ್ಕೇಲನ್ನು ತಲೆಯ ಮೇಲಿಟ್ಟು ಗೋಡೆಗೆ ತಾಗಿಸಬೇಡಿ, ಅದು ಮೇಲಕ್ಕೋ ಕೆಳಕ್ಕೋ ವಾಲಿದ್ದು ಗೊತ್ತೇ ಆಗುವುದಿಲ್ಲ. ಪುಸ್ತಕದ ಮೂಲೆ ಲಂಬವಾಗಿರುವುದರಿಂದ ಆ ಕಷ್ಟವಿಲ್ಲ. ಪುಸ್ತಕದ ಕೆಳಗೆ ಪೆನ್ಸಿಲ್ ಗುರುತು ಹಾಕಿ, ನೆಲದಿಂದ ಅಲ್ಲಿಯವರೆಗೆ ಸ್ಟೀಲ್ ಟೇಪಿನಿಂದ ಅಳೆಯಿರಿ. ಟೈಲರ್ ಟೇಪ್ ಹಳೆಯದಾದಂತೆ ಹಿಗ್ಗುತ್ತದೆ. ಅದೊಂದೇ ಇರುವುದಾದರೆ ಮೊದಲು ಯಾರದ್ದಾದರೂ ಸ್ಟೀಲ್ ಟೇಪಿನ ಪಕ್ಕ ಹಾಸಿ ನೋಡಿ.

ಗೋಡೆಯಿಂದ ಈಚೆ ಬಂದು, ಮತ್ತೆ ನಿಂತು, ಹೀಗೆ ಮೂರು ಸಲ ಅಳೆಯಿರಿ. ಮೂರೂ ಅರ್ಧ ಸೆಂ.ಮೀ ಒಳಗಿದ್ದರೆ ಸರಾಸರಿ ತೆಗೆದುಕೊಳ್ಳಿ. ಇಲ್ಲದಿದ್ದರೆ ನಿಲ್ಲುವುದರಲ್ಲೇ ಏನೋ ಬದಲಾಗುತ್ತಿದೆ, ಮೊದಲಿನಿಂದ ಶುರು ಮಾಡಿ.

ಗಂಟೆಯನ್ನೂ ಬರೆದಿಡಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ನಾವು ಸಂಜೆಗಿಂತ ಒಂದು ಸೆಂ.ಮೀಗೂ ಹೆಚ್ಚು ಎತ್ತರ ಇರಬಹುದು. ಬೆನ್ನುಮೂಳೆಯ ನಡುವಿನ ಮೆತ್ತೆಗಳು ರಾತ್ರಿ ನೀರು ಹೀರಿ ಉಬ್ಬುತ್ತವೆ, ಹಗಲು ಮೈಭಾರಕ್ಕೆ ಅಮುಕಿಕೊಳ್ಳುತ್ತವೆ. ಈ ಇಳಿತದ ಬಹುಪಾಲು ಎದ್ದ ಮೊದಲ ಕೆಲವು ಗಂಟೆಗಳಲ್ಲೇ ಆಗಿಬಿಡುತ್ತದೆ. ಹಾಗಾಗಿ ಹತ್ತು ಗಂಟೆಯ ಮೇಲೆ ಅಳೆದರೆ ಅಂಕಿ ಹೆಚ್ಚು ಅಲುಗುವುದಿಲ್ಲ. ಮುಂದಿನ ಸಲವೂ ಅದೇ ಹೊತ್ತಿಗೆ ಅಳೆಯಿರಿ.

ಹಂತ 6: ವಯಸ್ಸಾದವರ ಎತ್ತರ ಬೇರೆ ಕಥೆ

ನನ್ನ ಅಮ್ಮನ ಹಳೆಯ ದಾಖಲೆಯಲ್ಲಿ ಎತ್ತರ 157 ಸೆಂ.ಮೀ ಇದೆ. ಈಗ ಅಳೆದರೆ 152. ತೂಕ 57 ಕೆ.ಜಿ. ಹಳೆಯ ಎತ್ತರ ಹಾಕಿದರೆ ಬಿಎಂಐ 23.1, ಹೊಸದು ಹಾಕಿದರೆ 24.7. ಇಲ್ಲಿ ಯಾವ ಅಳತೆಯೂ ತಪ್ಪಲ್ಲ. ಬೆನ್ನು ಕುಗ್ಗಿದೆ, ಅಷ್ಟೇ. ಮೈಯಲ್ಲಿ ಒಂದು ಚಮಚ ಕೊಬ್ಬು ಸೇರದಿದ್ದರೂ ಬಿಎಂಐ ಒಂದೂವರೆ ಅಂಕ ಏರಿತು. ವರ್ಗದ ನಿಯಮ ಬಂದದ್ದು ನೆಟ್ಟಗಿರುವ ಬೆನ್ನುಗಳನ್ನು ಅಳೆದು. ಕುಗ್ಗಿದ ಬೆನ್ನಿಗೆ ಅದು ಹೊಂದುವುದಿಲ್ಲ.

ನಾನು ಎರಡೂ ಎತ್ತರವನ್ನು ಬರೆದಿಟ್ಟಿದ್ದೇನೆ. ಅವರ ವಿಷಯದಲ್ಲಿ ಬಿಎಂಐಗಿಂತ ತೂಕ ಮತ್ತು ಸೊಂಟದ ಸುತ್ತಳತೆ ಹೇಗೆ ಬದಲಾಗುತ್ತಿದೆ ಎಂದು ನೋಡುವುದೇ ಉಪಯೋಗ. ಆದರೆ 5 ಸೆಂ.ಮೀ ಇಳಿದದ್ದನ್ನು ಸುಮ್ಮನೆ ಬಿಡಲಿಲ್ಲ. ಹರೆಯದ ಎತ್ತರಕ್ಕಿಂತ 4 ಸೆಂ.ಮೀ ಅಥವಾ ಹೆಚ್ಚು ಕಡಿಮೆಯಾಗಿದ್ದರೆ ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರಬಹುದು, ನೋವೇ ಇಲ್ಲದೆಯೂ ಹಾಗಾಗುತ್ತದೆ. ವೈದ್ಯರಿಗೆ ತೋರಿಸಿ, ಎಕ್ಸ್-ರೇ ಬೇಕೇ ಎಂದು ಕೇಳಬೇಕು. ನೆಟ್ಟಗೆ ನಿಲ್ಲಲಾಗದವರಿಗೆ ಎರಡೂ ಕೈ ಚಾಚಿ ನಡುಬೆರಳ ತುದಿಯಿಂದ ತುದಿಗೆ ಅಳೆಯುವುದುಂಟು. ಹೆಚ್ಚಿನವರಲ್ಲಿ ಅದು ಹರೆಯದ ಎತ್ತರದ ಹತ್ತಿರ ಇರುತ್ತದೆ. ಹತ್ತಿರ ಮಾತ್ರ. ಕೆಲವು ಸೆಂ.ಮೀ ಆಚೀಚೆ ಆಗುವುದು ಮಾಮೂಲು.

ಹಂತ 7: ಗುಂಪಿನ ಅಳತೆಯಿಂದ ಘಾತ ಹುಡುಕಿ, ಮೋಸ ಹೋಗಬೇಡಿ

ಲೆಕ್ಕದ ಹುಚ್ಚು ಇರುವವರಿಗೆ ಈ ಹಂತ. ವರ್ಗ ನಿಜವಾಗಿಯೂ ಸರಿಯೇ ಎಂದು ನೀವೇ ಪರೀಕ್ಷಿಸಬಹುದು. A ಕಾಲಮ್ಮಿನಲ್ಲಿ ಎತ್ತರ, Bಯಲ್ಲಿ ತೂಕ ಇಡಿ. Cಯಲ್ಲಿ ಎತ್ತರದ ಲಾಗ್, Dಯಲ್ಲಿ ತೂಕದ ಲಾಗ್ ಹಾಕಿ. ಎರಡರ ನಡುವಿನ ಗೆರೆಯ ಇಳಿಜಾರೇ ಘಾತ.

```
C2: =LN(A2)
D2: =LN(B2)
=SLOPE(D2:D401, C2:C401)
```

ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಇಡಿ. ನೂರಾರು ಜನ ಬೇಕು. 40 ಜನರ ಪಟ್ಟಿಯಲ್ಲಿ 1.2 ಬಂದರೂ 2.8 ಬಂದರೂ ಅಚ್ಚರಿಯಿಲ್ಲ, ಯಾಕೆಂದರೆ ಒಂದೇ ಎತ್ತರದವರ ತೂಕ ಅಷ್ಟೊಂದು ಹರಡಿಕೊಂಡಿರುತ್ತದೆ.

ಆದರೆ ನಿಜವಾದ ಹಳ್ಳ ಬೇರೆಯೇ ಇದೆ. ಎತ್ತರದ ಅಳತೆ ಒರಟಾಗಿದ್ದರೆ ಈ ಘಾತವೇ ಕಡಿಮೆ ಬರುತ್ತದೆ. ಹೇಗೆ ಎಂದು ನೋಡಿ. ಮೂವರಿದ್ದಾರೆ. ಮೂವರದ್ದೂ ನಿಜವಾದ ಎತ್ತರ 160, ತೂಕ 60 ಕೆ.ಜಿ. ಎಲ್ಲರ ಬಿಎಂಐ 23.4. ಅಳೆಯುವವರು ಒಬ್ಬರಿಗೆ 157, ಇನ್ನೊಬ್ಬರಿಗೆ 160, ಮತ್ತೊಬ್ಬರಿಗೆ 163 ಎಂದು ಬರೆದರು. ಬಿಎಂಐ ಕ್ರಮವಾಗಿ 24.3, 23.4, 22.6 ಆಯಿತು. ಪಟ್ಟಿ ನೋಡಿದವರಿಗೆ ಏನನ್ನಿಸುತ್ತದೆ? "ಕುಳ್ಳಗಿನವರು ದಪ್ಪ, ಎತ್ತರದವರು ತೆಳ್ಳಗೆ." ಅಲ್ಲಿ ಕುಳ್ಳರೂ ಇಲ್ಲ, ಎತ್ತರದವರೂ ಇಲ್ಲ! ಒಂದೇ ಥರದ ಮೂವರು, ಜೊತೆಗೆ ಅಳತೆಯ ತಪ್ಪು.

ದೊಡ್ಡ ಗುಂಪಿನಲ್ಲಿ ಈ ತಪ್ಪು ನಿಜವಾದ ವ್ಯತ್ಯಾಸದ ಜೊತೆ ಬೆರೆತುಹೋಗುತ್ತದೆ. ಜನರ ಎತ್ತರದ ಹರವು 6 ಸೆಂ.ಮೀ, ಅಳತೆಯ ತಪ್ಪಿನ ಹರವು 2 ಸೆಂ.ಮೀ ಎಂದುಕೊಳ್ಳಿ. ಎರಡನ್ನೂ ವರ್ಗ ಮಾಡಿದರೆ 36 ಮತ್ತು 4. ನೀವು ಕಾಣುವ ಘಾತ ನಿಜದ 36/40 ಪಾಲು, ಅಂದರೆ 2 ಇರಬೇಕಾದ್ದು 1.8 ಆಗಿ ಕಾಣುತ್ತದೆ. ಅದನ್ನು ನೋಡಿ "ನಮ್ಮ ಜನರಿಗೆ ವರ್ಗ ಹೊಂದುವುದಿಲ್ಲ" ಎಂದು ಹೇಳಿಬಿಟ್ಟರೆ, ಟೇಪಿನ ತಪ್ಪನ್ನು ಜನರ ಮೈಕಟ್ಟಿಗೆ ಹೊರಿಸಿದಂತೆ. ನನ್ನ ಮಟ್ಟಿಗೆ, ಎತ್ತರ ಹೇಗೆ ಅಳೆದರು ಎಂದು ಹೇಳದ ಯಾವ ಪಟ್ಟಿಯಿಂದಲೂ ಘಾತದ ಬಗ್ಗೆ ವಾದ ಮಾಡಬಾರದು. ಬಾಯಲ್ಲಿ ಹೇಳಿಸಿಕೊಂಡು ಬರೆದ ಪಟ್ಟಿಯಂತೂ ಬೇಡವೇ ಬೇಡ. ಜನ ಸಾಮಾನ್ಯವಾಗಿ ಎತ್ತರ ಸ್ವಲ್ಪ ಕೂಡಿಸಿ, ತೂಕ ಸ್ವಲ್ಪ ಕಳೆದು ಹೇಳುತ್ತಾರೆ. ಎರಡೂ ಬಿಎಂಐಯನ್ನು ಒಂದೇ ದಿಕ್ಕಿಗೆ, ಕೆಳಕ್ಕೆ ತಳ್ಳುತ್ತವೆ.

ಹಂತ 8: ರಿಜಿಸ್ಟರ್ ತಿದ್ದುವುದು

ಕೈಯಲ್ಲಿ ಒಂದು ಪಟ್ಟಿ ಬಂದರೆ ನಾನು ಮೊದಲು ಎತ್ತರದ ಕೊನೆಯ ಅಂಕಿಯನ್ನು ನೋಡುತ್ತೇನೆ. ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲವೂ ಹೆಚ್ಚುಕಡಿಮೆ ಸಮನಾಗಿ ಬರಬೇಕು. 150, 155, 160, 165 ಇವೇ ತುಂಬಿಕೊಂಡಿದ್ದರೆ ಅಳೆದವರು ಕಣ್ಣಂದಾಜಿನಲ್ಲಿ ಬರೆದಿದ್ದಾರೆ ಎಂದರ್ಥ. ಹತ್ತಿರದ ಐದಕ್ಕೆ ಹೊಂದಿಸಿದರೆ ತಪ್ಪು ಎರಡೂವರೆ ಸೆಂ.ಮೀವರೆಗೆ ಹೋಗಬಹುದು. ನಮ್ಮ ಮೇಷ್ಟ್ರ ಅಳತೆಯಲ್ಲಿ ಅದು ಎರಡು ಕಿಲೋ. ಆಮೇಲೆ ಅದೇ ಜನರ ಹಿಂದಿನ ವರ್ಷದ ಎತ್ತರ ನೋಡುತ್ತೇನೆ. ನಡುವಯಸ್ಸಿನವರ ಎತ್ತರ ಒಂದು ವರ್ಷದಲ್ಲಿ 2 ಸೆಂ.ಮೀ ಬದಲಾಗುವುದಿಲ್ಲ. ಎಲ್ಲರದ್ದೂ ಒಂದೇ ಕಡೆಗೆ ಸರಿದಿದ್ದರೆ ತಪ್ಪು ಚಾರ್ಟಿನದು. ಒಬ್ಬರದ್ದು ಮೇಲೆ, ಒಬ್ಬರದ್ದು ಕೆಳಗೆ ಹೋಗಿದ್ದರೆ ತಪ್ಪು ಅಳೆದ ರೀತಿಯದು.

ಈ ವ್ಯತ್ಯಾಸ ಮುಖ್ಯ. ನಮ್ಮ ಶಿಬಿರದ ತಪ್ಪು ಮೊದಲ ಬಗೆಯದಾಗಿತ್ತು, ಹಾಗಾಗಿ ಸ್ಪ್ರೆಡ್‌ಶೀಟಿನಲ್ಲೇ ತಿದ್ದಲು ಬಂತು. ಎಲ್ಲರ ಎತ್ತರಕ್ಕೂ 3 ಕೂಡಿಸಿದೆವು:

```
=B2 / ((A2+3)/100)^2
```

ಆದರೆ ಅದರಲ್ಲೂ ಒಂದು ತೊಡಕು ಉಳಿಯಿತು. ಮಧ್ಯಾಹ್ನದ ಮೇಲೆ ಅಳೆದ ಹದಿಮೂರು ಜನರ ಎತ್ತರ ಎಲ್ಲಾ ಸೊನ್ನೆಗೋ ಐದಕ್ಕೋ ಮುಗಿದಿತ್ತು. ಬಹುಶಃ ಊಟದ ಹೊತ್ತಿಗೆ ಕೈ ಬದಲಾಗಿತ್ತು. ಅಂಥವಕ್ಕೆ ಮೂರು ಕೂಡಿಸಿದರೂ ಉಪಯೋಗವಿಲ್ಲ, ಯಾರದ್ದು ಎಷ್ಟು ತಪ್ಪಿದೆ ಎಂದು ಪಟ್ಟಿ ಹೇಳುವುದಿಲ್ಲ. ಸಮಾಜ ವಿಜ್ಞಾನದ ಮೇಷ್ಟ್ರೇ ಚಾರ್ಟ್ ಕಿತ್ತು, ಸ್ಟೀಲ್ ಟೇಪ್ ಹಿಡಿದು ಸರಿಯಾಗಿ 60ಕ್ಕೆ ಅಂಟಿಸಿದರು. ಆ ಹದಿಮೂರು ಜನರನ್ನು ಶನಿವಾರ ಶಾಲೆ ಬಿಟ್ಟ ಮೇಲೆ ಚಪ್ಪಲಿ ಬಿಡಿಸಿ ಮತ್ತೆ ಗೋಡೆಗೆ ನಿಲ್ಲಿಸಿದೆವು.